ಡಕ್ಟ್ ಟೆಸ್ಟ್ ಒಂದೇ ಸಲಕ್ಕೆ ಪಾಸ್ ಮಾಡಿಸುವ 5 ಸೂತ್ರಗಳು

ಮಂಗಳೂರಿನಲ್ಲಿ ಎಸಿ ಆಫೀಸಿನ ಸೈಟ್ ನಿಮ್ಮ ಕೈಗೆ ಬಂದಿದೆಯೇ? ಡಕ್ಟ್ ಸೋರುತ್ತಿದ್ದರೆ ಮಳೆಗಾಲದಲ್ಲಿ ಗುಟ್ಟು ರಟ್ಟಾಗುತ್ತದೆ. ಸೋರಿದ ಗಾಳಿ ಫಾಲ್ಸ್ ಸೀಲಿಂಗನ್ನು ತಣ್ಣಗಾಗಿಸುತ್ತದೆ. ಕರಾವಳಿಯ ತೇವದ ಗಾಳಿ ಅಲ್ಲಿಗೆ ತಾಗಿ ನೀರಾಗುತ್ತದೆ, ಟೈಲ್ ಮೇಲೆ ಕಂದು ಕಲೆ ಮೂಡುತ್ತದೆ. ಅದಕ್ಕೂ ಮೊದಲೇ ನೀವು ಅಳೆಯಿರಿ.

1. ಇನ್ಸುಲೇಶನ್ ಸುತ್ತುವ ಮೊದಲೇ ಟೆಸ್ಟ್ ಮಾಡಿ.
ಸುತ್ತಿದ ಮೇಲೆ ಸೋರುವ ಜಾಯಿಂಟ್ ಕಣ್ಣಿಗೆ ಬೀಳುವುದಿಲ್ಲ. ಸೀಲಂಟ್ ಒಣಗಲು ಬಿಡಿ. ಎಲ್ಲ ಬಾಯಿಗಳನ್ನೂ ಮುಚ್ಚಿ, ಟೆಸ್ಟ್ ಫ್ಯಾನ್ ಜೋಡಿಸಿ.

2. ಮಿತಿಯನ್ನು ಮೊದಲೇ ಬರೆದಿಡಿ.
ಬ್ರಿಟನ್ನಿನ ಡಿಡಬ್ಲ್ಯು 144ರ ಕ್ಲಾಸ್ ಬಿ ಪ್ರಕಾರ 500 ಪ್ಯಾಸ್ಕಲ್ ಒತ್ತಡದಲ್ಲಿ ಪ್ರತಿ ಚದರ ಮೀಟರ್ ತಗಡಿಗೆ ಸೆಕೆಂಡಿಗೆ ಸುಮಾರು 0.51 ಲೀಟರ್ ಸೋರಬಹುದು. 120 ಚದರ ಮೀಟರ್ ಡಕ್ಟ್ ಎಂದಿಟ್ಟುಕೊಳ್ಳಿ: ಮಿತಿ 61 ಲೀಟರ್. ಟೆಂಡರ್‌ನಲ್ಲಿ ಬೇರೆ ಕ್ಲಾಸ್ ಇದ್ದರೆ ಅದನ್ನೇ ಹಿಡಿಯಿರಿ.

3. ಒತ್ತಡವನ್ನು 15 ನಿಮಿಷ ಹಿಡಿದು ನಿಲ್ಲಿಸಿ.
ಒತ್ತಡ ಕುಗ್ಗದಂತೆ ಫ್ಯಾನ್ ಎಷ್ಟು ಗಾಳಿ ತುಂಬುತ್ತದೋ ಅಷ್ಟೇ ನಿಮ್ಮ ಸೋರಿಕೆ. ಮೀಟರ್ 84 ತೋರಿಸಿತೇ? ಫೇಲ್. ‘ಮೀಟರ್ ತಪ್ಪಿರಬಹುದು’ ಎನ್ನುವ ಅಭ್ಯಾಸ ಬಿಡಿ, ಸೋಪಿನ ನೀರು ಹಚ್ಚಿ. ಫ್ಲಾಂಜ್‌ನ ನಾಲ್ಕು ಮೂಲೆಗಳನ್ನೂ ಕಾಲರ್ ಜೋಡಣೆಗಳನ್ನೂ ಮೊದಲು ನೋಡಿ. ಗುಳ್ಳೆ ಏಳುವುದು ಹೆಚ್ಚಾಗಿ ಅಲ್ಲೇ. ಸೀಲ್ ಮಾಡಿ, ಒಣಗಿಸಿ, ಮತ್ತೆ ಅಳೆಯಿರಿ. 46 ಬಂದು 15 ನಿಮಿಷವೂ ಏರದಿದ್ದರೆ ಪಾಸ್.

4. ಬ್ಯಾಲೆನ್ಸಿಂಗ್‌ನಲ್ಲಿ ಲೀಟರ್ ಬಿಡಿ, ಶೇಕಡಾ ಹಿಡಿಯಿರಿ.
ಇಲ್ಲೇ ಹೊಸಬರು ಇಡೀ ದಿನ ಕಳೆದುಕೊಳ್ಳುತ್ತಾರೆ. ಫಿಲ್ಟರ್ ಶುಚಿಯಾಗಿರಲಿ, ಡ್ಯಾಂಪರ್‌ಗಳೆಲ್ಲ ಪೂರ್ತಿ ತೆರೆದಿರಲಿ. ಒಂದು ಬ್ರಾಂಚ್‌ನಲ್ಲಿ ನಾಲ್ಕು ಡಿಫ್ಯೂಸರ್, ತಲಾ 100 ಲೀಟರ್ ಡಿಸೈನ್ ಎನ್ನಿ. ಹುಡ್ ಇಟ್ಟಾಗ 130, 110, 95, 65 ಬಂತು. ಕೊನೆಯದು ಶೇ. 65 ಮಾತ್ರ, ಅದರ ಡ್ಯಾಂಪರ್ ಮುಟ್ಟಬೇಡಿ. ಮೂರನೆಯದನ್ನು ಕಿರಿದಾಗಿಸಿದರೆ ಕೊನೆಯದು ತಾನಾಗಿ ಏರುತ್ತದೆ; ಎರಡೂ ಸುಮಾರು ಶೇ. 80ಕ್ಕೆ ಬಂದು ಸೇರುತ್ತವೆ. ಆಮೇಲೆ ಎರಡನೆಯದು, ಕಡೆಗೆ ಮೊದಲನೆಯದು. ಪ್ರತಿಸಲವೂ ಕೊನೆಯದರ ಶೇಕಡಾಕ್ಕೇ ಹೊಂದಿಸಿ. ಮೊದಲನೆಯದನ್ನು ನೇರವಾಗಿ 100ಕ್ಕೆ ಇಳಿಸಿದರೆ ಮಿಕ್ಕವು ಏರಿ, ನೀವು ಸುತ್ತುತ್ತಲೇ ಇರುತ್ತೀರಿ. ಡಿಫ್ಯೂಸರ್‌ಗಳು ಸರಿಹೋದ ಮೇಲೆ ಬ್ರಾಂಚ್‌ಗಳನ್ನೂ ಇದೇ ಕ್ರಮದಲ್ಲಿ ಹೊಂದಿಸಿ.

5. ಫ್ಯಾನ್ ವೇಗಕ್ಕೆ ಕೊನೆಯಲ್ಲಿ ಕೈ ಹಾಕಿ.
ವೇಗ ಶೇ. 10 ಏರಿಸಿದರೆ ಗಾಳಿಯೂ ಅಷ್ಟೇ ಏರುತ್ತದೆ, ಆದರೆ ವಿದ್ಯುತ್ ಸುಮಾರು ಶೇ. 33 ಹೆಚ್ಚು ಬೇಕು. ಆದ್ದರಿಂದ ಮೋಟರ್ ಆಂಪ್ಸ್ ನೋಡಿಕೊಂಡೇ ಏರಿಸಿ. ಸಾಮಾನ್ಯವಾಗಿ ಪ್ರತಿ ಡಿಫ್ಯೂಸರ್ ಡಿಸೈನ್‌ಗಿಂತ ಶೇ. 10ರಷ್ಟು ಹೆಚ್ಚು ಅಥವಾ ಕಡಿಮೆ ಇದ್ದರೆ ಒಪ್ಪುತ್ತಾರೆ: ಇಲ್ಲಿ 90ರಿಂದ 110 ಲೀಟರ್. ಮುಗಿದ ಕೂಡಲೇ ಡ್ಯಾಂಪರ್ ಬಿಗಿಮಾಡಿ, ಹಿಡಿಕೆ ನಿಂತ ಜಾಗಕ್ಕೆ ಪೇಂಟ್ ಗುರುತು ಹಾಕಿ. ಸೀಲಿಂಗ್‌ನವರ ಕೈ ತಾಗಿ ಅದು ಸರಿದರೆ ಗುರುತೇ ಹೇಳುತ್ತದೆ.