ಎರಡು ನಿಮಿಷದ ಡೆಮೋಗೆ ಸ್ಕ್ರಿಪ್ಟ್ ಬರೆಯೋದು ಹೇಗೆ?

ಹ್ಯಾಕಥಾನ್‌ನ ಕೊನೇ ಸುತ್ತಲ್ಲಿ ಎಷ್ಟೋ ಕಡೆ ಸಿಗೋದು ಎರಡೇ ನಿಮಿಷ. ಆ್ಯಪ್ ಕೆಲಸ ಮಾಡ್ತಿದೆ ಅಂದ್ಮೇಲೆ ಉಳಿಯೋ ಪ್ರಶ್ನೆ, ಆ 120 ಸೆಕೆಂಡಲ್ಲಿ ಏನು ತೋರಿಸೋದು, ಏನು ಬಿಡೋದು ಅನ್ನೋದು. ನಮ್ಮ ತಂಡದ ಹಾಸ್ಟೆಲ್ ಮೆಸ್ ಆ್ಯಪ್ಪನ್ನೇ ಉದಾಹರಣೆಗೆ ತಗೊಳ್ತೀವಿ. ಬೆಳಗಿನ ತಿಂಡಿ ಬೇಡ ಅನ್ನೋರು ಹಿಂದಿನ ದಿನ ಮಧ್ಯಾಹ್ನ 1 ಗಂಟೆಯೊಳಗೆ ಒಂದು ಬಟನ್ ಒತ್ತಬೇಕು. ಅಡುಗೆಯವರಿಗೆ ಎಷ್ಟು ಜನಕ್ಕೆ ಮಾಡಬೇಕು ಅನ್ನೋ ಲೆಕ್ಕ ಸಿಗುತ್ತೆ. ಅಷ್ಟೇ ಆ್ಯಪ್.

ಮೊದಲು ಮಾತಿನ ಅಳತೆ. ನಾವು ಸ್ಟಾಪ್‌ವಾಚ್ ಇಟ್ಟು ಗಟ್ಟಿಯಾಗಿ ಓದಿದಾಗ ನಿಮಿಷಕ್ಕೆ 90 ಪದದ ಆಸುಪಾಸು ಬಂತು. ಆದ್ರೆ ಸ್ಕ್ರೀನ್ ಬದಲಾಗುವಾಗ ಜಡ್ಜ್‌ಗಳು ಅದನ್ನ ನೋಡೋಕೆ ನಾವು ಸುಮ್ಮನಿರಬೇಕಲ್ಲ? ಅದಕ್ಕೇ 180 ಪದದ ಬದಲು 140ಕ್ಕೆ ನಿಲ್ಲಿಸಿದೆವು. ಲಾಗಿನ್ ತೋರಿಸಲೇ ಇಲ್ಲ. ಒಟಿಪಿ ಬರೋಕೆ 20 ಸೆಕೆಂಡ್ ಹಿಡಿದ್ರೆ ಡೆಮೋದ ಆರನೇ ಒಂದು ಭಾಗ ಅಲ್ಲೇ ಹೋಯ್ತು. ಫೋನ್‌ಗಳಲ್ಲಿ ಮೊದಲೇ ಲಾಗಿನ್ ಆಗಿರಲಿ, ಡೇಟಾಬೇಸಲ್ಲಿ 212 ವಿದ್ಯಾರ್ಥಿಗಳ ಹೆಸರೂ ಇರಲಿ. ಖಾಲಿ ಪಟ್ಟಿ ತೋರಿಸಿದ್ರೆ ಯಾರಿಗೂ ಏನೂ ಅರ್ಥವಾಗಲ್ಲ.

ಇನ್ನು ಸ್ಕ್ರಿಪ್ಟ್. ಮೊದಲ 15 ಸೆಕೆಂಡ್ ಸಮಸ್ಯೆಗೆ: "ನಾಳೆ ಬೆಳಿಗ್ಗೆ ಇಡ್ಲಿ ಬೇಕಂದ್ರೆ ಇವತ್ತು ಮಧ್ಯಾಹ್ನವೇ ಅಕ್ಕಿ, ಉದ್ದು ನೆನೆಹಾಕಬೇಕು. ಎಷ್ಟು ಜನ ಬರ್ತಾರೆ ಅಂತ ನಮ್ಮ ಅಡುಗೆಯವರಿಗೆ ಆಗ ಗೊತ್ತಿರಲ್ಲ." ತಂಡದ ಪರಿಚಯ, ಯಾವ ಫ್ರೇಮ್‌ವರ್ಕ್ ಬಳಸಿದ್ವಿ ಅನ್ನೋದು ಇಲ್ಲಿ ಬೇಡ. ಕೇಳಿದ್ರೆ ಹೇಳಿದರಾಯ್ತು.

ಮುಂದಿನ 40 ಸೆಕೆಂಡ್ ಒಂದೇ ಕೆಲಸಕ್ಕೆ. ಒಬ್ಬರು ಫೋನಲ್ಲಿ "ತಿಂಡಿ ಬೇಡ" ಒತ್ತುತ್ತಾರೆ. ಪಕ್ಕದಲ್ಲಿರೋ ಅಡುಗೆಮನೆಯ ಸ್ಕ್ರೀನಲ್ಲಿ 212 ಇದ್ದದ್ದು 211 ಆಗುತ್ತೆ, ತಲೆಗೆ ನಾಲ್ಕರಂತೆ ಇಡ್ಲಿ ಲೆಕ್ಕ 848ರಿಂದ 844ಕ್ಕೆ ಇಳಿಯುತ್ತೆ. ಒತ್ತೋ ಮೊದಲೇ "ಈ ಸಂಖ್ಯೆ ನೋಡ್ತಿರಿ" ಅಂತ ಹೇಳಬೇಕು. ಬದಲಾದ ಮೇಲೆ ಹೇಳಿದ್ರೆ ಮೊದಲು ಎಷ್ಟಿತ್ತು ಅಂತ ಯಾರಿಗೂ ನೆನಪಿರಲ್ಲ.

ಇಲ್ಲೊಂದು ತೊಡಕಿದೆ. ಡೆಮೋ ಇದ್ದದ್ದು ಸಂಜೆ 4ಕ್ಕೆ. 1 ಗಂಟೆ ದಾಟಿದ್ದರಿಂದ ನಾಳೆಯ ಬಟನ್ ಮುಚ್ಚಿರುತ್ತೆ. ಫೋನಿನ ಗಡಿಯಾರ ಹಿಂದಕ್ಕೆ ತಿರುಗಿಸಿ ಮೋಸ ಮಾಡೋಕಾಗಲ್ಲ, ಯಾಕಂದ್ರೆ ಸಮಯ ನೋಡೋದು ಸರ್ವರ್. ಹಾಗಾಗಿ 212ರಿಂದ 211 ಮಾಡಿದ್ದು ನಾಡಿದ್ದಿನ ತಿಂಡಿಗೆ. ಆಮೇಲಿನ 25 ಸೆಕೆಂಡಲ್ಲಿ ಬೇಕಂತಲೇ ನಾಳೆಯ ಬಟನ್ ಒತ್ತಿ, "ಅಕ್ಕಿ ಈಗಾಗಲೇ ನೆನೆದಿದೆ, ಇನ್ನು ಬದಲಾಯಿಸೋಕಾಗಲ್ಲ" ಅನ್ನೋ ಸಂದೇಶ ತೋರಿಸಿದೆವು. ನಿಮ್ಮ ಆ್ಯಪ್ಪಲ್ಲೂ ದಿನ, ಹೊತ್ತು, ಜಾಗದ ಷರತ್ತು ಇದ್ರೆ ಡೆಮೋ ನಡೆಯೋ ಹೊತ್ತಿಗೇ ಒಂದು ಸಲ ಓಡಿಸಿ ನೋಡಿ.

ನಂತರ 25 ಸೆಕೆಂಡ್ ಕಷ್ಟದ ಭಾಗಕ್ಕೆ. ನೆಟ್ ನಿಧಾನ ಇದ್ದಾಗ ಒಂದೇ ವಿನಂತಿ ಎರಡು ಸಲ ಹೋಗಬಹುದು, ಆಗ 211ರ ಬದಲು 210 ಆದ್ರೆ ಲೆಕ್ಕ ಕೆಟ್ಟಂಗೆ. ಅದೇ ವಿದ್ಯಾರ್ಥಿಯ ಹೆಸರಲ್ಲಿ ಇನ್ನೊಂದು ಫೋನಿಂದ ಒತ್ತಿದ್ರೂ 211ರಲ್ಲೇ ನಿಲ್ಲುತ್ತೆ. ಅದನ್ನ ಹಿಡಿದಿಡೋದು ಡೇಟಾಬೇಸಿನ ಈ ಒಂದು ಸಾಲು:

```sql
UNIQUE (student_id, meal_date, meal)
```

ಸಾಲನ್ನ ಓದಿ ಹೇಳಬೇಡಿ. ಸಂಖ್ಯೆ ಕದಲಲಿಲ್ಲ ಅನ್ನೋದನ್ನ ತೋರಿಸಿದ್ರೆ ಸಾಕು, ಹೇಗೆ ಅಂತ ಪ್ರಶ್ನೆ ತಾನಾಗಿ ಬರುತ್ತೆ. ಕೊನೇ 15 ಸೆಕೆಂಡ್ ಇನ್ನೂ ಆಗದೇ ಇರೋದಕ್ಕೆ: "ಅತಿಥಿಗಳ ಲೆಕ್ಕ ಇದರಲ್ಲಿಲ್ಲ." ಜಡ್ಜ್ ಅದನ್ನ ಹುಡುಕಿ ಹಿಡಿಯೋದಕ್ಕಿಂತ ನಾವೇ ಹೇಳೋದು ವಾಸಿ.

ಆಂಡ್ರಾಯ್ಡ್ ಫೋನನ್ನ ದೊಡ್ಡ ಪರದೆಯಲ್ಲಿ ತೋರಿಸೋಕೆ ವೈಫೈ ನಂಬಬೇಡಿ. ಫೋನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ ಹಾಕಿ, ಲ್ಯಾಪ್‌ಟಾಪಲ್ಲಿ ಇದನ್ನ ಓಡಿಸಿ:

```
scrcpy --show-touches --stay-awake
```

ಬೆರಳು ಎಲ್ಲಿ ಒತ್ತಿತು ಅಂತ ಕಾಣುತ್ತೆ, ಪ್ಲಗ್ ಇರೋವರೆಗೂ ಫೋನ್ ಮಲಗಲ್ಲ. ಮನೆಯವರ ವಾಟ್ಸಾಪ್ ಮೆಸೇಜು ಜಡ್ಜ್ ಮುಂದೆ ಬರದ ಹಾಗೆ ನೋಟಿಫಿಕೇಶನ್ ಬಂದ್ ಮಾಡೋದೂ ಮರೀಬೇಡಿ.

ಕೆಲವು ಉಚಿತ ಹೋಸ್ಟಿಂಗ್‌ಗಳಲ್ಲಿ ಸ್ವಲ್ಪ ಹೊತ್ತು ಯಾರೂ ಬರದಿದ್ರೆ ಸರ್ವರ್ ನಿದ್ದೆಗೆ ಜಾರುತ್ತೆ. ಗುರುತು ಹಿಡಿಯೋದು ಸುಲಭ: ಮೊದಲ ಸಲ ತುಂಬಾ ನಿಧಾನ, ಎರಡನೇ ಸಲ ಥಟ್ ಅಂತ. ನಿಮ್ಮ ಸರದಿಗೆ ಎರಡು ನಿಮಿಷ ಮುಂಚೆ ಆ್ಯಪ್ ಒಮ್ಮೆ ತೆರೆದು ಅದನ್ನ ಎಬ್ಬಿಸಿಡಿ. ಇದೇ ಹೆಜ್ಜೆಗಳ ರೆಕಾರ್ಡಿಂಗ್ ಲ್ಯಾಪ್‌ಟಾಪಲ್ಲೂ ಇರಲಿ. ಬಟನ್ ಒತ್ತಿ ಮನಸಲ್ಲೇ ಐದು ಎಣಿಸಿ. ಸಂಖ್ಯೆ ಬದಲಾಗದಿದ್ರೆ "ನೆಟ್ ಕೈಕೊಟ್ಟಿದೆ, ಇದು ಇವತ್ತು ಬೆಳಿಗ್ಗೆಯ ರೆಕಾರ್ಡಿಂಗ್" ಅಂತ ಹೇಳಿ ವಿಡಿಯೋಗೆ ಹೋಗಿ. ಮತ್ತೆ ಮತ್ತೆ ಒತ್ತುತ್ತಾ ನಿಂತ್ರೆ 30 ಸೆಕೆಂಡ್ ಹೋದದ್ದೇ ಗೊತ್ತಾಗಲ್ಲ.