ಈ ರಾಜ ಯಾರು? ಹಳೇ ಚಂದಮಾಮದ ಚಿತ್ರ ಗುರುತಿಸೋದು ಹೇಗೆ

ಜಯನಗರ, ಬನಶಂಕರಿ ಕಡೆ ಹಳೇ ಮನೆಗಳ ಅಟ್ಟ ಖಾಲಿ ಮಾಡುವಾಗ ಚಂದಮಾಮದ ಸಂಚಿಕೆಗಳು ಸಿಗೋದುಂಟು. ಎಷ್ಟೋ ಸಲ ಪಿನ್ನು ಬಿಟ್ಟುಹೋಗಿ ಬಿಡಿ ಹಾಳೆಗಳಾಗಿರುತ್ತವೆ. ಕಥೆಯ ಹೆಸರಿದ್ದ ಪುಟ ಕಳೆದು, ಚಿತ್ರವಿರುವ ಪುಟ ಮಾತ್ರ ಉಳಿದಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ ಸುಮ್ಮನೆ "ವಿಕ್ರಮ ರಾಜ" ಅಂತ ಹೆಸರಿಟ್ಟರೆ, ಆ ಹಾಳೆ ತನ್ನ ಕಥೆಗೆ ಮತ್ತೆ ಸೇರೋದು ಕಷ್ಟ. ಹುಡುಕುವವರು ಬೇರೆ ಹೆಸರಲ್ಲಿ ಹುಡುಕ್ತಾ ಇರ್ತಾರೆ.

ಮೊದಲ ಪಾಠ: ಕಿರೀಟ ಒಬ್ಬ ವ್ಯಕ್ತಿಯ ಗುರುತಲ್ಲ, ಪದವಿಯ ಗುರುತು. ಕಿರೀಟ, ಕಂಠೀಹಾರ, ತೋಳುಬಂದಿ ಇದ್ದರೆ ಇವನು ರಾಜ ಅನ್ನೋದಷ್ಟೇ ಗೊತ್ತಾಗುತ್ತೆ, ಯಾವ ರಾಜ ಅಂತ ಗೊತ್ತಾಗಲ್ಲ. ಕೈಯಲ್ಲಿರುವ ವಸ್ತು ಇನ್ನೂ ಸ್ವಲ್ಪ ಹತ್ತಿರಕ್ಕೆ ತರುತ್ತೆ, ಆದರೆ ಅದೂ ಒಂದೇ ಸಾಲದು. ಗದೆ ಭೀಮನ ಕೈಯಲ್ಲೂ ಇದೆ, ದುರ್ಯೋಧನನ ಕೈಯಲ್ಲೂ ಇದೆ. ನೇಗಿಲು ಹಿಡಿದಿದ್ದರೆ ಮಾತ್ರ ಬಲರಾಮ ಅಂತ ಧೈರ್ಯವಾಗಿ ಹೇಳಬಹುದು, ಯಾಕಂದ್ರೆ ಅದನ್ನು ಆಯುಧವಾಗಿ ಹಿಡಿಯುವ ವೀರ ಬೇರೆ ಯಾರೂ ಇಲ್ಲ.

ಎರಡನೇದು, ಬಟ್ಟೆ ಯಾವ ಆಸ್ಥಾನದ್ದು ಅಂತ ನೋಡಬೇಕು. ರಾಜನ ಎದುರು ಒಬ್ಬ ಜಾಣ ನಿಂತು ನಗ್ತಾ ಇದ್ದಾನೆ ಅಂದುಕೊಳ್ಳಿ. ತೆನಾಲಿ ರಾಮನೋ, ಬೀರಬಲ್ಲನೋ? ಜಾಣನನ್ನು ಬಿಟ್ಟು ಮೊದಲು ರಾಜನ ತಲೆ ನೋಡಿ. ವಿಜಯನಗರದ ಅರಸರು ಕುಲ್ಲಾಯಿ ಅನ್ನುವ ಎತ್ತರದ ಟೋಪಿ ಹಾಕುತ್ತಿದ್ದರು. ತಿರುಮಲ ದೇವಸ್ಥಾನದಲ್ಲಿರುವ ಕೃಷ್ಣದೇವರಾಯನ ಕಂಚಿನ ಪ್ರತಿಮೆಯಲ್ಲಿ ಅದೇ ಇದೆ. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲೂ ಇಂಥ ಟೋಪಿಯ ಗಂಡಸರನ್ನು ನೋಡಬಹುದು. ಅಕ್ಬರನ ಆಸ್ಥಾನವಾದರೆ ಸುತ್ತಿದ ಪಗಡಿ, ಪಕ್ಕದಲ್ಲಿ ಕಟ್ಟುವ ಉದ್ದ ಜಾಮಾ ಅಂಗಿ, ಸೊಂಟಕ್ಕೆ ಪಟ್ಟಿ. ಕುಲ್ಲಾಯಿ ಕಂಡರೆ ವಿಜಯನಗರ ಅನ್ನೋದಕ್ಕೆ ಬಲವಾದ ಸಾಕ್ಷಿ. ಆದರೆ ಕುಲ್ಲಾಯಿ ಇಲ್ಲ ಅಂದ ಮಾತ್ರಕ್ಕೆ ಕೃಷ್ಣದೇವರಾಯ ಅಲ್ಲ ಅನ್ನೋಕಾಗಲ್ಲ, ಯಾಕಂದ್ರೆ ಎಷ್ಟೋ ಕಲಾವಿದರು ಅವನಿಗೂ ಮಾಮೂಲಿ ಕಿರೀಟವನ್ನೇ ಇಟ್ಟಿದ್ದಾರೆ. ಜುಟ್ಟು, ಶಾಲು ನೋಡಿ ತೆನಾಲಿ ಅನ್ನೋದೂ ಹಾಗೇ. ಪುರೋಹಿತ, ಮಂತ್ರಿ, ಬಡ ಬ್ರಾಹ್ಮಣ ಎಲ್ಲರಿಗೂ ಅದೇ ವೇಷ.

ಮೂರನೇದು ವಿಕ್ರಮ. ಹೆಚ್ಚು ಜನ ತಪ್ಪೋದು ಇಲ್ಲೇ. ಚಂದಮಾಮದ ಬೇತಾಳ ಕಥೆಗಳಿಗೆ ಬಹುಕಾಲ ಚಿತ್ರ ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. ಅವರ ವಿಕ್ರಮನನ್ನು ಗುರುತಿಸಲು ಮೂರು ಲಕ್ಷಣ ಒಟ್ಟಿಗೆ ಬೇಕು: ಹೆಗಲ ಮೇಲೆ ಹೆಣ, ಕೈಯಲ್ಲಿ ಒರೆಯಿಂದ ಹೊರಗಿರುವ ಕತ್ತಿ, ಸುತ್ತ ರಾತ್ರಿಯ ಸ್ಮಶಾನ. ಹೆಣವನ್ನು ತೆಗೆದುಬಿಟ್ಟರೆ ಅವನು ಯಾವ ರಾಜ ಬೇಕಾದರೂ ಆಗಬಹುದು.

ಈಗ ಕಥೆಯ ರಚನೆ ನೆನಪು ಮಾಡಿಕೊಳ್ಳಿ. ವಿಕ್ರಮ ಹೆಣ ಹೊತ್ತು ನಡೆಯೋದು ಹೊರಗಿನ ಕಥೆ. ದಾರಿಯಲ್ಲಿ ಬೇತಾಳ ಹೇಳೋದು ಒಳಗಿನ ಕಥೆ, ಅದರಲ್ಲಿ ಬೇರೆ ಊರು, ಬೇರೆ ರಾಜ. ವಿಕ್ರಮ ಸಾಮಾನ್ಯವಾಗಿ ಕಾಣೋದು ಶೀರ್ಷಿಕೆಯ ಚಿತ್ರದಲ್ಲಿ. ಮುಂದಿನ ಪುಟಗಳ ಚಿತ್ರಗಳೆಲ್ಲ ಒಳಗಿನ ಕಥೆಯವು.

ಒಂದು ಬಿಡಿ ಹಾಳೆಯನ್ನು ಇದೇ ರೀತಿ ನೋಡೋಣ. ಹಗಲಿನ ಸಭೆ, ಕಿರೀಟದ ರಾಜ, ಎದುರಿಗೆ ಜುಟ್ಟಿನ ಮನುಷ್ಯ. ಕಿರೀಟದಿಂದ ಹೆಸರು ಸಿಗಲ್ಲ, ಜುಟ್ಟಿನಿಂದಲೂ ಸಿಗಲ್ಲ, ಕುಲ್ಲಾಯಿ ಇಲ್ಲ. ಹಾಗಾಗಿ ಚಿತ್ರದ ಪಕ್ಕದ ಅಕ್ಷರ ಓದಬೇಕು. ಪುಟದ ಕೊನೆಯಲ್ಲಿ ಯಾರೋ ಕಥೆ ಮುಗಿಸಿ ಪ್ರಶ್ನೆ ಕೇಳಿ, ಗೊತ್ತಿದ್ದೂ ಉತ್ತರ ಹೇಳದಿದ್ದರೆ ತಲೆ ಒಡೆಯುತ್ತೆ ಅಂತ ಹೆದರಿಸಿದರೆ ಅದು ಬೇತಾಳ ಕಥೆಯ ಕೊನೆ ಪುಟ. ಆದರೂ ಚಿತ್ರದಲ್ಲಿರುವವನು ವಿಕ್ರಮ ಅಲ್ಲ, ಯಾಕಂದ್ರೆ ಹೆಣ ಇಲ್ಲ, ರಾತ್ರಿ ಅಲ್ಲ, ಸ್ಮಶಾನವೂ ಅಲ್ಲ. ಅವನ ಹೆಸರು ಅದೇ ಪುಟದ ಮೇಲಿನ ಸಾಲುಗಳಲ್ಲಿ ಇರೋ ಸಾಧ್ಯತೆ ಹೆಚ್ಚು. ಆಗ ಸರಿಯಾದ ಲೇಬಲ್: "ಬೇತಾಳ ಕಥೆ, ಒಳಗಿನ ಕಥೆಯ ರಾಜ", ಮುಂದೆ ಆ ಹೆಸರು.

ಹೆಸರು ಸಿಗದಿದ್ದರೆ ಊಹೆ ಮಾಡಿ ತುಂಬಬೇಡಿ. "ಕಿರೀಟದ ರಾಜ, ಜುಟ್ಟಿನ ಮನುಷ್ಯ, ಹಗಲಿನ ಸಭೆ" ಅಂತ ಕಂಡಿದ್ದನ್ನಷ್ಟೇ ಬರೆಯಿರಿ. ಕಥೆಯ ಮೊದಲ ಪುಟ ಇರುವ ಇನ್ನೊಬ್ಬರು ಆ ಮೂರು ಗುರುತಿನಿಂದಲೇ ನಿಮ್ಮ ಹಾಳೆಯನ್ನು ಹುಡುಕಿಕೊಳ್ಳಬಹುದು.