ಮೆದೆಯಲ್ಲಿಟ್ಟ ರಾಗಿ ಹುಲ್ಲಿಗೆ ನಿಜವಾಗಿ ಎಷ್ಟು ಬೀಳುತ್ತದೆ?

ರಾಗಿ ಕೊಯ್ಲು ಮುಗಿದ ಹೊತ್ತಿಗೆ ಹುಲ್ಲು ಅಗ್ಗ, ಬೇಸಿಗೆ ಬಂದರೆ ತುಟ್ಟಿ. ಆದ್ದರಿಂದ ವರ್ಷಕ್ಕಾಗುವಷ್ಟನ್ನು ಜನವರಿಯಲ್ಲೇ ಕೊಂಡು ಮೆದೆ ಹಾಕುತ್ತೇವೆ. ಆದರೆ ಇಟ್ಟುಕೊಳ್ಳುವುದಕ್ಕೂ ಖರ್ಚಿದೆ. ಅದನ್ನು ಒಮ್ಮೆ ಲೆಕ್ಕ ಹಾಕೋಣ. ಬೆಲೆಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ.

ಹೊರೆಗೆ 100 ರೂಪಾಯಿಯಂತೆ 200 ಹೊರೆ ಕೊಂಡಿರಿ, 20,000 ರೂಪಾಯಿ ಆಯಿತು. ದಿನವೂ ಒಂದೇ ಸಮನೆ ಹಾಕುತ್ತಾ ಡಿಸೆಂಬರಿಗೆ ಮುಗಿಸುತ್ತೀರಿ. ಮೊದಲು 20,000, ಕೊನೆಗೆ ಸೊನ್ನೆ. ಅಂದರೆ ವರ್ಷವಿಡೀ ಮೆದೆಯಲ್ಲಿ ಕಟ್ಟಿಬಿದ್ದ ಹಣ ಸರಾಸರಿ 10,000. ಶೇಕಡಾ ಲೆಕ್ಕವನ್ನು ಈ 10,000ದ ಮೇಲೆಯೇ ಹಾಕಬೇಕು. ಇಲ್ಲೇ ಬಹಳ ಮಂದಿ ತಪ್ಪುವುದು.

ಸ್ವಸಹಾಯ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ಸಾಲ ತಂದು, ಹುಲ್ಲು ಕರಗಿದ ಹಾಗೆ ತೀರಿಸುತ್ತಾ ಬಂದರೆ 1,200 ರೂಪಾಯಿ, ಶೇ 12. ಸ್ವಂತ ಹಣವಾದರೆ ಬಡ್ಡಿ ಇಲ್ಲ ಎನ್ನಬೇಡಿ, ಬ್ಯಾಂಕಿನಲ್ಲಿಟ್ಟಿದ್ದರೆ ಬರುತ್ತಿದ್ದ ಬಡ್ಡಿ ಹಾಕಿ. 2,400 ರೂಪಾಯಿಯ ಟಾರ್ಪಾಲು ಮೂರು ವರ್ಷ ಬಾಳಿದರೆ ವರ್ಷಕ್ಕೆ 800, ಶೇ 8.

ಹಸುವಿಗೆ ಮಾಡಿಸಿದ ವಿಮೆ ಮೆದೆಗೆ ಬರುವುದಿಲ್ಲ. ಬೆಂಕಿಯ ಭಯಕ್ಕೆ ನಾವೇ ಎತ್ತಿಡಬೇಕು. ಐವತ್ತು ವರ್ಷಕ್ಕೊಮ್ಮೆ ಮೆದೆ ಸುಡಬಹುದು ಎಂದು ಅಂದಾಜಿಟ್ಟರೆ ವರ್ಷಕ್ಕೆ 200, ಶೇ 2. ಮೆದೆಯ ಮೇಲೇ ವಿದ್ಯುತ್ ತಂತಿ ಹಾದುಹೋಗಿದ್ದರೆ ಇದು ಸಾಲದು, ಮೆದೆಯ ಜಾಗವನ್ನೇ ಬದಲಿಸಿ.

ಇನ್ನು ಹಾಳಾಗುವ ಹುಲ್ಲು. ಮೇಲೆ ನೆನೆದು ಕಪ್ಪಾದದ್ದು, ಅಡಿಯಲ್ಲಿ ಗೆದ್ದಲು ತಿಂದದ್ದು, ಬೂಷ್ಟು ಹಿಡಿದು ಹಸು ಮೂಸಿ ಬಿಡುವುದು. ಇದನ್ನು ತೂಕದಿಂದ ಅಳೆಯಬೇಡಿ. ಹುಲ್ಲು ಒಣಗಿದರೂ ತೂಕ ಇಳಿಯುತ್ತದೆ, ಹೋದದ್ದು ನೀರಷ್ಟೇ. ಎಸೆದ ಹೊರೆಗಳನ್ನು ಎಣಿಸಿ. 12 ಹೊರೆ ಹೋದರೆ 1,200 ರೂಪಾಯಿ, ಮತ್ತೆ ಶೇ 12.

ಎಲ್ಲ ಕೂಡಿದರೆ 3,400 ರೂಪಾಯಿ, ಸರಾಸರಿ ದಾಸ್ತಾನಿನ ಮೇಲೆ ವರ್ಷಕ್ಕೆ ಶೇ 34. ಇದನ್ನೇ 20,000ದ ಮೇಲೆ ಹಾಕಿದ್ದರೆ 6,800 ಬಂದು, ಮೆದೆ ಹಾಕುವುದೇ ನಷ್ಟ ಎನಿಸಿಬಿಡುತ್ತಿತ್ತು.

ಸರಿನೋಡಲು ಇನ್ನೊಂದು ದಾರಿ: 20,000ಕ್ಕೆ ಬಡ್ಡಿ, ಟಾರ್ಪಾಲು, ಬೆಂಕಿಯ ಹಣ ಸೇರಿ 22,200. ಹಸುವಿನ ಬಾಯಿಗೆ ಹೋದದ್ದು 188 ಹೊರೆ. ಒಂದಕ್ಕೆ 118 ರೂಪಾಯಿ ಬಿತ್ತು. ಹಾಳಾದ 12 ಹೊರೆಯನ್ನು ಇಲ್ಲಿ ಎಣಿಕೆಯಲ್ಲೇ ಕಳೆದಿದ್ದೇವೆ, ಮತ್ತೆ ಅದರ ದುಡ್ಡು ಸೇರಿಸಿದರೆ ಎರಡು ಸಲ ಹಿಡಿದಂತಾಗುತ್ತದೆ.

ಬೇಕಾದಾಗೆಲ್ಲ ಕೊಂಡರೆ, ಗಾಡಿ ಬಾಡಿಗೆಯ ವ್ಯತ್ಯಾಸವೂ ಸೇರಿ, ವರ್ಷದ ಸರಾಸರಿ 118ಕ್ಕಿಂತ ಹೆಚ್ಚು ಬೀಳುವುದಾದರೆ ಜನವರಿಯ ಖರೀದಿ ಲಾಭ. ಜೂನ್‌ವರೆಗೆ ಸಾಕಾಗುವಷ್ಟೇ ಕೊಳ್ಳುವವರು ಶೇ 34ನ್ನು ಸುಮ್ಮನೆ ಅರ್ಧ ಮಾಡಬಾರದು. ಬಡ್ಡಿ ಅರ್ಧವಾಗುತ್ತದೆ, ಟಾರ್ಪಾಲಿನ 800 ಹಾಗೇ ಉಳಿಯುತ್ತದೆ. ಹಾಳಾಗುವುದು ಮಾತ್ರ ಅರ್ಧಕ್ಕಿಂತಲೂ ಕಡಿಮೆಯಾಗಬಹುದು, ಏಕೆಂದರೆ ಹೆಚ್ಚು ಹುಲ್ಲು ಕೊಳೆಯುವುದು ಆಮೇಲಿನ ಮಳೆಯಲ್ಲಿ.